ಹಣದ ಪೂರೈಕೆ ಹೆಚ್ಚಿದರೆ ಬಡ್ಡಿಯನ್ನು ಇಳಿಸುವವರು ಯಾರು? ದ್ರವ್ಯತೆಯ ಆದ್ಯತೆ ಕುರಿತ ಹಂತ ಹಂತದ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತ ಬಂದ ವರ್ಷಗಳಲ್ಲಿ, ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿದ ವಾಕ್ಯಗಳಲ್ಲಿ ಇದೂ ಒಂದು: "ಹಣದ ಪೂರೈಕೆ ಹೆಚ್ಚಾದರೆ ಬಡ್ಡಿ ದರ ಇಳಿಯುತ್ತದೆ." ವಾಕ್ಯ ತಪ್ಪಲ್ಲ, ಆದರೆ ಅದು ಕೊನೆಯ ಸಾಲು; ಅದಕ್ಕೆ ಮುಂಚೆ ಬರಬೇಕಾದ ಸಾಲುಗಳು ಪತ್ರಿಕೆಯಲ್ಲಿ ಇರುವುದಿಲ್ಲ. ಒಮ್ಮೆ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಬಡ್ಡಿ ಇಳಿಯುತ್ತದೆ ಅಂತೀರಲ್ಲ, ಇಳಿಸುವವರು ಯಾರು? ಯಾರೂ ಕೈ ಹಾಕದೆ ತಾನಾಗಿ ಹೇಗೆ ಇಳಿಯುತ್ತದೆ?" ಎಂದು ಕೇಳಿದಳು. ಈ ಮಾರ್ಗದರ್ಶಿಯನ್ನು ಆ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಿದ್ದೇನೆ. ಬೇಕಾದ ಲೆಕ್ಕಗಳೆಲ್ಲ ಕೂಡುವುದು, ಕಳೆಯುವುದು, ಭಾಗಿಸುವುದರಲ್ಲೇ ಮುಗಿಯುತ್ತವೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ನೀವೂ ಬರೆಯುತ್ತ ಹೋದರೆ ಒಳ್ಳೆಯದು.

ಮೊದಲ ಹಂತ: ಹಣದ ಬೇಡಿಕೆ ಎಂದರೆ ಯಾವುದಲ್ಲ ಎಂದು ತಿಳಿಯುವುದು

ನಮ್ಮ ಕಡೆ "ದುಡ್ಡು ಬೇಕಿತ್ತು" ಎಂದರೆ ಸಾಮಾನ್ಯವಾಗಿ ಸಾಲ ಬೇಕಿತ್ತು ಎಂದರ್ಥ, ಇಲ್ಲವೇ ಆದಾಯ ಇನ್ನೂ ಹೆಚ್ಚು ಬರಬೇಕಿತ್ತು ಎಂದರ್ಥ. ಅರ್ಥಶಾಸ್ತ್ರದಲ್ಲಿ ಹಣದ ಬೇಡಿಕೆ ಇವೆರಡೂ ಅಲ್ಲ. ಒಬ್ಬರ ಬಳಿ ಈಗಾಗಲೇ ಇಷ್ಟು ಆಸ್ತಿ ಇದೆ ಎಂದು ಇಟ್ಟುಕೊಂಡು, ಅದರಲ್ಲಿ ಎಷ್ಟು ಭಾಗವನ್ನು ಹಣದ ರೂಪದಲ್ಲಿಯೇ ಇರಿಸಿಕೊಳ್ಳಲು ಅವರು ಬಯಸುತ್ತಾರೆ ಎಂಬುದು ಮಾತ್ರ ಹಣದ ಬೇಡಿಕೆ. ತೋಟದ ಮನೆಯ ಅಟ್ಟದಲ್ಲಿ ಒಣಗಿಸಿ ಚೀಲ ಕಟ್ಟಿಟ್ಟ ಅಡಿಕೆ ಆಸ್ತಿಯೇ ಹೌದು, ಆದರೆ ಹಣವಲ್ಲ; ಅದನ್ನು ಕೊಟ್ಟು ನೇರವಾಗಿ ಆಳಿನ ಕೂಲಿ ತೀರಿಸಲು ಆಗುವುದಿಲ್ಲ. ಮೊದಲು ಮಂಡಿಗೆ ಒಯ್ದು, ಟೆಂಡರಿಗೆ ಇಟ್ಟು, ಅಂದಿನ ಧಾರಣೆಗೆ ಒಪ್ಪಿ ಮಾರಬೇಕು. ಅವಸರಕ್ಕೆ ಮಾರಿದರೆ ಧಾರಣೆಯಲ್ಲಿ ನಷ್ಟವಾಗಬಹುದು. ಹೀಗೆ ಕಾಯದೆ, ನಷ್ಟಪಡದೆ ಖರ್ಚಿಗೆ ಒದಗುವ ಗುಣಕ್ಕೆ ದ್ರವ್ಯತೆ ಎಂದು ಹೆಸರು. ನೋಟು ಮತ್ತು ಉಳಿತಾಯ ಖಾತೆಯ ಶಿಲ್ಕಿಗೆ ಈ ಗುಣ ಪೂರ್ತಿಯಾಗಿ ಇದೆ, ಅಡಿಕೆ ಚೀಲಕ್ಕೆ ಅರ್ಧಂಬರ್ಧ ಇದೆ, ತೋಟಕ್ಕೆ ಬಹಳ ಕಡಿಮೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಮಂಡಿಸಿದ ವಾದದ ತಿರುಳು ಇಷ್ಟು: ಬಡ್ಡಿ ಎಂಬುದು ಉಳಿತಾಯ ಮಾಡಿದ್ದಕ್ಕೆ ಸಿಗುವ ಪ್ರತಿಫಲವಲ್ಲ, ದ್ರವ್ಯತೆಯನ್ನು ಬಿಟ್ಟುಕೊಟ್ಟಿದ್ದಕ್ಕೆ ಸಿಗುವ ಪ್ರತಿಫಲ. ಹಣವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನೂ ಉಳಿತಾಯ ಮಾಡಿದವನೇ. ಆದರೂ ಅವನಿಗೆ ಬಡ್ಡಿ ಸಿಗುವುದಿಲ್ಲ. ಹಣ ಬೇಕೇ, ಬಡ್ಡಿ ತರುವ ಪತ್ರ ಬೇಕೇ ಎಂಬ ಆಯ್ಕೆಯಲ್ಲಿ ಜನ ಎಷ್ಟು ಹಣದ ಕಡೆಗೆ ವಾಲುತ್ತಾರೆ ಎಂಬುದೇ ದ್ರವ್ಯತೆಯ ಆದ್ಯತೆ. ಹೀಗೆ ವಾಲುವುದಕ್ಕೆ ಕೇನ್ಸ್ ಮೂರು ಉದ್ದೇಶಗಳನ್ನು ಹೇಳಿದರು: ದಿನನಿತ್ಯದ ವ್ಯವಹಾರ, ಮುನ್ನೆಚ್ಚರಿಕೆ, ಮತ್ತು ಊಹೆ. ನಡುವಿನದನ್ನು ನಾನು ಇಲ್ಲಿ ಬೇರೆಯಾಗಿ ಬಿಡಿಸುವುದಿಲ್ಲ. ಆಸ್ಪತ್ರೆಗೆ, ಮಳೆಗಾಲದಲ್ಲಿ ಕುಸಿದ ಧರೆಗೆ ಎಂದು ತೆಗೆದಿಟ್ಟ ಹಣ ಬಹುಮಟ್ಟಿಗೆ ಮೊದಲನೆಯದರಂತೆಯೇ ಆದಾಯವನ್ನು ಅನುಸರಿಸುತ್ತದೆ.

ಎರಡನೆಯ ಹಂತ: ಒಂದು ಮನೆಯ ಲೆಕ್ಕದಲ್ಲಿ ಬಡ್ಡಿಯ ಪಾತ್ರವನ್ನು ಹುಡುಕುವುದು

ತೀರ್ಥಹಳ್ಳಿಯಿಂದ ಕೆಲವು ಮೈಲಿ ಒಳಗಿರುವ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ಮಾರಿ ವರ್ಷಕ್ಕೊಮ್ಮೆ ₹6,00,000 ಕೈಗೆ ಬರುತ್ತದೆ. ಅದು ಮುಂದಿನ ಹನ್ನೆರಡು ತಿಂಗಳಲ್ಲಿ ಸಮನಾಗಿ ಖರ್ಚಾಗುತ್ತದೆ. ಪೂರ್ತಿ ಹಣವನ್ನು ಮನೆಯಲ್ಲೇ ಇಟ್ಟುಕೊಂಡರೆ ವರ್ಷದ ಆರಂಭದಲ್ಲಿ ಆರು ಲಕ್ಷ, ಕೊನೆಗೆ ಸೊನ್ನೆ, ಅಂದರೆ ಸರಾಸರಿ ₹3,00,000 ನಗದು ಇದ್ದಂತಾಯಿತು. ಇದರ ಬದಲು ಬಂದ ಹಣವನ್ನೆಲ್ಲ ಶೇ. 6 ಬಡ್ಡಿ ತರುವ ಕಡೆ ಇಟ್ಟು, ಬೇಕಾದಾಗ ಪೇಟೆಗೆ ಹೋಗಿ ಸ್ವಲ್ಪ ಸ್ವಲ್ಪ ಬಿಡಿಸಿ ತರಬಹುದು. ಆದರೆ ಪ್ರತಿ ಸಲಕ್ಕೂ ಬಸ್ಸಿನ ಚಾರ್ಜು ಮತ್ತು ಕೈತಪ್ಪಿದ ಕೆಲಸ ಸೇರಿ ₹500 ಖರ್ಚು ಎಂದು ಇಟ್ಟುಕೊಳ್ಳಿ.

ಒಂದೇ ಸಲ ಎಲ್ಲವನ್ನೂ ತಂದಿಟ್ಟುಕೊಂಡರೆ ಕೈತಪ್ಪುವ ಬಡ್ಡಿ ₹18,000, ಓಡಾಟಕ್ಕೆ ₹500. ತಿಂಗಳಿಗೊಮ್ಮೆ, ಅಂದರೆ ಹನ್ನೆರಡು ಸಲ ಹೋದರೆ ಕೈಯಲ್ಲಿರುವ ಸರಾಸರಿ ನಗದು ₹25,000ಕ್ಕೆ ಇಳಿದು ಕೈತಪ್ಪುವ ಬಡ್ಡಿ ₹1,500 ಆಗುತ್ತದೆ, ಓಡಾಟಕ್ಕೆ ₹6,000 ಬೀಳುತ್ತದೆ, ಒಟ್ಟು ₹7,500. ಎರಡು ತಿಂಗಳಿಗೊಮ್ಮೆ ಹೋದರೆ ಸರಾಸರಿ ನಗದು ₹50,000, ಕೈತಪ್ಪುವ ಬಡ್ಡಿ ₹3,000, ಓಡಾಟ ₹3,000, ಒಟ್ಟು ₹6,000. ಇದಕ್ಕಿಂತ ಕಡಿಮೆ ಖರ್ಚಿನ ಹಾದಿ ಇಲ್ಲ. ಐದು ಸಲಕ್ಕೂ ಏಳು ಸಲಕ್ಕೂ ಲೆಕ್ಕ ಹಾಕಿ ನೋಡಬಹುದು. ಈಗ ಬಡ್ಡಿ ಶೇ. 1.5ಕ್ಕೆ ಇಳಿಯಿತು ಎನ್ನೋಣ. ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ವರ್ಷಕ್ಕೆ ಮೂರು ಸಲ ಹೋಗುವುದೇ ಅಗ್ಗವಾಗುತ್ತದೆ, ಮತ್ತು ಕೈಯಲ್ಲಿ ಇರುವ ಸರಾಸರಿ ನಗದು ₹1,00,000 ಆಗುತ್ತದೆ. ಆದಾಯವೂ ಖರ್ಚೂ ಒಂದು ರೂಪಾಯಿಯಷ್ಟೂ ಬದಲಾಗಿಲ್ಲ; ಬಡ್ಡಿ ನಾಲ್ಕನೇ ಒಂದು ಭಾಗಕ್ಕೆ ಇಳಿದಾಗ ಹಣದ ಬೇಡಿಕೆ ಇಮ್ಮಡಿಯಾಗಿದೆ.

ಈ ಬಗೆಯ ಲೆಕ್ಕವನ್ನು 1952ರಲ್ಲಿ ವಿಲಿಯಂ ಬೌಮೊಲ್, 1956ರಲ್ಲಿ ಜೇಮ್ಸ್ ಟೋಬಿನ್ ಬೆಳೆಸಿದರು. ವ್ಯವಹಾರಕ್ಕಾಗಿ ಇಟ್ಟುಕೊಳ್ಳುವ ಹಣ ಆದಾಯವನ್ನು ಮಾತ್ರ ಅವಲಂಬಿಸುತ್ತದೆ, ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಹೇಳಿಕೆ ಪಠ್ಯದ ಸರಳ ರೂಪ ಮಾತ್ರ ಎಂಬುದನ್ನು ಇದು ತೋರಿಸುತ್ತದೆ. ಓಡಾಟದ ಖರ್ಚು ಕಡಿಮೆಯಾದರೂ ಬೇಡಿಕೆ ತಗ್ಗುತ್ತದೆ. ಮೊಬೈಲಿನಲ್ಲೇ ಠೇವಣಿ ಬಿಡಿಸಲು ಆಗುವಾಗ ಆ ₹500 ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಸಿಗ್ನಲ್ ಸಿಗದ ಕಣಿವೆಯ ಮನೆಗಳಲ್ಲಿ ಅದು ಇನ್ನೂ ಉಳಿದಿದೆ.

ಮೂರನೆಯ ಹಂತ: ಬಾಂಡಿನ ಬೆಲೆಯನ್ನೂ ಬಡ್ಡಿಯನ್ನೂ ಒಂದೇ ವಸ್ತುವಿನ ಎರಡು ಮುಖಗಳಾಗಿ ಓದುವುದು

ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇರುವುದು ಈ ಹಂತದಲ್ಲಿ. ಮೇಲಿನ ಮನೆ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಇಟ್ಟಿತ್ತು ಎಂದುಕೊಂಡರೆ ಅಲ್ಲಿ ಅಸಲಿಗೆ ಏರಿಳಿತವಿರಲಿಲ್ಲ. ಬಾಂಡ್, ಅಂದರೆ ಸಾಲಪತ್ರ, ಹಾಗಲ್ಲ. ಸರ್ಕಾರ ಒಂದು ಪತ್ರ ಹೊರಡಿಸಿ, ಇದನ್ನು ಇಟ್ಟುಕೊಂಡವರಿಗೆ ಪ್ರತಿ ವರ್ಷ ₹60 ಕೊಡುತ್ತೇನೆ, ಅಸಲನ್ನು ಎಂದೂ ಹಿಂದಿರುಗಿಸುವುದಿಲ್ಲ ಎಂದು ಬರೆದುಕೊಟ್ಟಿದೆ ಎಂದು ಭಾವಿಸಿ. ಪತ್ರದ ಮೇಲಿನ ₹60 ಎಂದೂ ಬದಲಾಗದು. ಬದಲಾಗುವುದು ಪೇಟೆಯಲ್ಲಿ ಆ ಪತ್ರಕ್ಕೆ ಕೊಡುವ ಬೆಲೆ. ಆ ಬೆಲೆಯನ್ನು P, ಶೇಕಡಾ ಬಡ್ಡಿಯನ್ನು r ಎಂದು ಕರೆದರೆ:

```
r = (60 / P) × 100
```

ಪತ್ರವನ್ನು ₹1,000 ಕೊಟ್ಟು ಕೊಂಡವರಿಗೆ ಬಡ್ಡಿ ಶೇ. 6 ಬಿದ್ದಂತಾಯಿತು. ಅದೇ ಪತ್ರವನ್ನು ₹1,200ಕ್ಕೆ ಕೊಂಡವರಿಗೆ ಶೇ. 5. ₹750ಕ್ಕೇ ಸಿಕ್ಕಿದರೆ ಶೇ. 8. ಆದ್ದರಿಂದ "ಬಡ್ಡಿ ಇಳಿಯಿತು" ಎಂಬ ಮಾತಿಗೂ "ಬಾಂಡಿನ ಬೆಲೆ ಏರಿತು" ಎಂಬ ಮಾತಿಗೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಒಂದು ಇನ್ನೊಂದಕ್ಕೆ ಕಾರಣವಲ್ಲ, ಎರಡೂ ಒಂದೇ ಘಟನೆ. ಬಡ್ಡಿಯನ್ನು ಇಳಿಸುವವರು ಯಾರು ಎಂದು ಕೇಳಿದರೆ, ಬಾಂಡಿಗೆ ಹೆಚ್ಚು ಬೆಲೆ ಕೊಡಲು ಮುಂದೆ ಬಂದವರು ಎಂಬುದೇ ಉತ್ತರ.

ಈಗ ಊಹೆಯ ಉದ್ದೇಶ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಬ್ಬ ಖರೀದಿದಾರ ನಗದು ಸಿದ್ಧವಿದ್ದರೂ ಬೆಟ್ಟೆ, ರಾಶಿ ಎಂಬ ಅಡಿಕೆಯ ಬಗೆಗಳಿಗೆ ಬೆಲೆ ಹಾಕದೆ ಸುಮ್ಮನೆ ಕುಳಿತಿದ್ದಾನೆ ಎಂದರೆ, ಅವನ ಅಂದಾಜಿನಲ್ಲಿ ಧಾರಣೆ ಇನ್ನೂ ಇಳಿಯಲಿದೆ ಎಂದರ್ಥ. ಬಾಂಡ್ ಪೇಟೆಯಲ್ಲಿ ಹಣವನ್ನು ಬರಿದೇ ಹಿಡಿದು ಕುಳಿತವರದೂ ಇದೇ ಲೆಕ್ಕ. ಬಾಂಡಿನ ಬೆಲೆ ಇಳಿಯಬಹುದು, ಅಂದರೆ ಬಡ್ಡಿ ಏರಬಹುದು ಎಂದು ನಂಬಿದವರು ಇಂದು ಬಾಂಡ್ ಕೊಳ್ಳದೆ ಹಣವನ್ನೇ ಇಟ್ಟುಕೊಳ್ಳುತ್ತಾರೆ.

ಎಷ್ಟು ಬೆಲೆ ಕುಸಿದರೆ ವರ್ಷದ ಬಡ್ಡಿ ಪೂರ್ತಿ ಕೊಚ್ಚಿಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಡ್ಡಿ ಶೇ. 6 ಇರುವಾಗ ₹1,000 ಕೊಟ್ಟು ಕೊಂಡ ಪತ್ರ ವರ್ಷದ ಕೊನೆಗೆ ₹940ಕ್ಕೆ ಇಳಿದರೆ ಬಂದ ₹60 ಹೋದ ₹60ಕ್ಕೆ ಸಮ. ₹940 ಎಂದರೆ ಬಡ್ಡಿ ಸುಮಾರು ಶೇ. 6.38. ಅಂದರೆ 0.38ರಷ್ಟು ಏರಿಕೆಯವರೆಗೆ ಬಾಂಡ್ ಹಿಡಿದವರು ತಡೆದುಕೊಳ್ಳಬಲ್ಲರು. ಬಡ್ಡಿ ಶೇ. 2 ಇರುವಾಗ ಇದೇ ಪತ್ರದ ಬೆಲೆ ₹3,000. ಅದು ₹2,940ಕ್ಕೆ ಇಳಿದರೆ ಸಾಕು, ವರ್ಷದ ಗಳಿಕೆ ಇಲ್ಲವಾಗುತ್ತದೆ. ಆಗಿನ ಬಡ್ಡಿ ಸುಮಾರು ಶೇ. 2.04. ಇಲ್ಲಿ ತಡೆದುಕೊಳ್ಳುವ ಶಕ್ತಿ 0.04 ಮಾತ್ರ. ಬಡ್ಡಿ ಮೂರನೇ ಒಂದು ಭಾಗಕ್ಕೆ ಇಳಿದಾಗ ರಕ್ಷಣೆಯ ಅಂತರ ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಕುಗ್ಗಿತು. ಕೇನ್ಸ್ ಇದನ್ನೇ ಗಮನಿಸಿ, ಬಡ್ಡಿ ಒಂದು ವರ್ಷದಲ್ಲಿ ತನ್ನದೇ ವರ್ಗದಷ್ಟು ಏರಿದರೆ ಗಳಿಕೆ ಅಳಿಸಿಹೋಗುತ್ತದೆ ಎಂಬ ಸ್ಥೂಲ ನಿಯಮ ಕೊಟ್ಟರು. ಶೇ. 6ರ ವರ್ಗ, ಅಂದರೆ 0.06 × 0.06, ಶೇ. 0.36; ಶೇ. 2ರ ವರ್ಗ ಶೇ. 0.04; ನಮ್ಮ ಲೆಕ್ಕಕ್ಕೆ ಹತ್ತಿರದಲ್ಲೇ ಇವೆ.

ಹಣದ ಬೇಡಿಕೆಯ ರೇಖೆ ಏಕೆ ಎಡದಿಂದ ಬಲಕ್ಕೆ ಇಳಿಯುತ್ತದೆ ಎಂಬುದಕ್ಕೆ "ಬಡ್ಡಿ ಕಡಿಮೆಯಾದರೆ ಹಣ ಇಟ್ಟುಕೊಳ್ಳುವ ವೆಚ್ಚ ಕಡಿಮೆ" ಎಂಬ ಕಾರಣವನ್ನಷ್ಟೇ ಹೇಳಿ ಮುಗಿಸಬಾರದು ಎಂದು ನನ್ನ ಅಭಿಪ್ರಾಯ. ಬಡ್ಡಿ ಇಳಿದಂತೆ ಬಾಂಡಿನ ಅಪಾಯ ಏರುತ್ತದೆ ಎಂಬ ಎರಡನೆಯ ಕಾರಣ ಇನ್ನೂ ಬಲವಾದದ್ದು. ಜೊತೆಗೆ, ಎಲ್ಲರ ಅಂದಾಜು ಒಂದೇ ಆಗಿರುವುದಿಲ್ಲ. ಶೇ. 6ಕ್ಕೆ ಇಳಿದಾಗ ಕೆಲವರು ಬಾಂಡ್ ಬಿಟ್ಟು ಹಣಕ್ಕೆ ಬರುತ್ತಾರೆ, ಶೇ. 5ಕ್ಕೆ ಇನ್ನೂ ಕೆಲವರು, ಶೇ. 4ಕ್ಕೆ ಮತ್ತೂ ಕೆಲವರು. ರೇಖೆ ಮೆಟ್ಟಿಲಿನಂತೆ ಒಡೆಯದೆ ನಯವಾಗಿ ಇಳಿಯುವುದು ಈ ಭಿನ್ನಾಭಿಪ್ರಾಯದಿಂದ.

ನಾಲ್ಕನೆಯ ಹಂತ: ಸಮತೋಲನವನ್ನು ಗುರುತಿಸಿ, ಪೂರೈಕೆಯನ್ನು ಹೆಚ್ಚಿಸಿ ನೋಡುವುದು

ಈಗ ಒಂದು ಕಲ್ಪಿತ ದೇಶ. ನಮ್ಮ ಒಂದು ತಾಲ್ಲೂಕಿಗೆ ತನ್ನದೇ ಹಣವೂ ಇಲ್ಲ, ತನ್ನದೇ ಬಡ್ಡಿ ದರವೂ ಇಲ್ಲ, ಆದ್ದರಿಂದ ದೇಶವೇ ಬೇಕು. ವಾರ್ಷಿಕ ಆದಾಯ Y ಎಂಬುದು ₹1,000 ಕೋಟಿ. ವ್ಯವಹಾರಕ್ಕೂ ಮುನ್ನೆಚ್ಚರಿಕೆಗೂ ಜನ ಆದಾಯದ ಐದನೇ ಒಂದು ಭಾಗವನ್ನು ಹಣವಾಗಿ ಇಟ್ಟುಕೊಳ್ಳುತ್ತಾರೆ. ಇದಲ್ಲದೆ ಬಡ್ಡಿ ಶೇ. 6ರಿಂದ ಶೇಕಡಾ ಒಂದೊಂದು ಅಂಶ ಇಳಿದಾಗಲೆಲ್ಲ ಇನ್ನೂ ₹20 ಕೋಟಿ ಹಣವನ್ನು ಬಯಸುತ್ತಾರೆ. ಹಣದ ಬೇಡಿಕೆಯನ್ನು Md, ಪೂರೈಕೆಯನ್ನು Ms ಎಂದು ಕೋಟಿ ರೂಪಾಯಿಗಳಲ್ಲಿ ಬರೆದರೆ:

```
Md = 0.2Y + 120 - 20r
Y = 1000  →  Md = 320 - 20r
Ms = 200  →  r = 6
```

ಚಿತ್ರ ಬರೆಯುವಾಗ ಅಡ್ಡ ಅಕ್ಷದಲ್ಲಿ ಹಣದ ಪ್ರಮಾಣ, ಲಂಬ ಅಕ್ಷದಲ್ಲಿ ಬಡ್ಡಿ ದರ. ಪೂರೈಕೆಯನ್ನು ಕೇಂದ್ರ ಬ್ಯಾಂಕು ನಿರ್ಧರಿಸಿದೆ ಎಂದು ಇಟ್ಟುಕೊಂಡದ್ದರಿಂದ ಅದು 200ರಲ್ಲಿ ನೆಟ್ಟಗೆ ನಿಂತ ಗೆರೆ. ಎರಡೂ ಗೆರೆಗಳು ಶೇ. 6ರಲ್ಲಿ ಕೂಡುತ್ತವೆ, ಬಾಂಡಿನ ಬೆಲೆ ₹1,000.

ಕೇಂದ್ರ ಬ್ಯಾಂಕು ಈಗ ಪೇಟೆಗೆ ಇಳಿದು ಬಾಂಡುಗಳನ್ನು ಕೊಂಡು ₹20 ಕೋಟಿ ಹೊಸ ಹಣವನ್ನು ಕೊಡುತ್ತದೆ. ಪೂರೈಕೆ 220 ಆಯಿತು. ಆದರೆ ಶೇ. 6 ಬಡ್ಡಿಯಲ್ಲಿ ಜನ ಇಟ್ಟುಕೊಳ್ಳಲು ಬಯಸುವುದು 200 ಮಾತ್ರ; ಕೈಯಲ್ಲಿ 20 ಕೋಟಿ ಹೆಚ್ಚಾಗಿದೆ. ಆ ಹೆಚ್ಚುವರಿಯನ್ನು ಕಳೆದುಕೊಳ್ಳಲು ಒಬ್ಬ ವ್ಯಕ್ತಿ ಬಾಂಡ್ ಕೊಳ್ಳಬಹುದು, ಆದರೆ ಕೊಂಡಾಗ ಅವನ ಹಣ ಮಾರಿದವನ ಕೈಗೆ ಹೋಗುತ್ತದೆ, ದೇಶದಿಂದ ಹೊರಗೆ ಹೋಗುವುದಿಲ್ಲ. ಒಬ್ಬೊಬ್ಬರಿಗೆ ಸಾಧ್ಯವಾದದ್ದು ಎಲ್ಲರೂ ಸೇರಿದಾಗ ಸಾಧ್ಯವಾಗುವುದಿಲ್ಲ. ಹಾಗಾದರೆ ಹೊಂದಾಣಿಕೆ ಎಲ್ಲಿ ಆಗಬೇಕು? ಹಣದ ಪ್ರಮಾಣ ಬದಲಾಗದಿದ್ದರೆ, ಅಷ್ಟು ಹಣವನ್ನು ಇಟ್ಟುಕೊಳ್ಳುವ ಮನಸ್ಸು ಬದಲಾಗಬೇಕು.

ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಬೆಲೆಯ ಹಾದಿಯಲ್ಲಿ ನೋಡಿ. ಎಲ್ಲರೂ ಬಾಂಡ್ ಕೇಳುವುದರಿಂದ ಬೆಲೆ ₹1,050ಕ್ಕೆ ಏರಿತು, ಬಡ್ಡಿ 5.71 ಆಯಿತು. ಈ ದರದಲ್ಲಿ ಹಣದ ಬೇಡಿಕೆ 205.7 ಕೋಟಿ, ಇನ್ನೂ 14.3 ಕೋಟಿ ಹೆಚ್ಚುವರಿ ಇದೆ, ಹಾಗಾಗಿ ಕೊಳ್ಳುವ ಒತ್ತಡ ನಿಂತಿಲ್ಲ. ಬೆಲೆ ₹1,100 ಆದಾಗ ಬಡ್ಡಿ 5.45, ಬೇಡಿಕೆ 210.9, ಹೆಚ್ಚುವರಿ 9.1. ₹1,150ರಲ್ಲಿ ಬಡ್ಡಿ 5.22, ಬೇಡಿಕೆ 215.7, ಹೆಚ್ಚುವರಿ 4.3. ₹1,200 ತಲುಪಿದಾಗ ಬಡ್ಡಿ ಶೇ. 5, ಬೇಡಿಕೆ ಸರಿಯಾಗಿ 220, ಹೆಚ್ಚುವರಿ ಸೊನ್ನೆ. ಅಲ್ಲಿ ನಿಲ್ಲುತ್ತದೆ. ಈ ಬೆಲೆಯಲ್ಲಿ ಬಾಂಡ್ ತುಂಬಾ ದುಬಾರಿಯಾಯಿತು, ಹಣವೇ ಇರಲಿ ಎನ್ನುವವರ ಸಂಖ್ಯೆ ಸಾಕಷ್ಟು ಬೆಳೆದಿದೆ. ಹೊಸ ₹20 ಕೋಟಿ ಯಾರ ಕೈಯಿಂದಲೂ ಮಾಯವಾಗಲಿಲ್ಲ. ಅದನ್ನು ಇಟ್ಟುಕೊಳ್ಳಲು ಜನ ಒಪ್ಪಿದರು, ಅಷ್ಟೆ.

ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪನ್ನು ಗುರುತಿಸುವುದು ಸುಲಭ. ಪೂರೈಕೆಯ ಗೆರೆಯನ್ನು ಬಲಕ್ಕೆ ಸರಿಸಿದ ಮೇಲೆ, ಬೇಡಿಕೆಯೂ ಹೆಚ್ಚಿತಲ್ಲವೇ ಎಂದು ಬೇಡಿಕೆಯ ರೇಖೆಯನ್ನೂ ಸರಿಸಿಬಿಡುತ್ತಾರೆ. ಬೇಡಿಕೆಯ ಪ್ರಮಾಣ 200ರಿಂದ 220ಕ್ಕೆ ಹೋದದ್ದು ಅದೇ ರೇಖೆಯ ಮೇಲೆ ಕೆಳಗೆ ಜಾರಿದ್ದರಿಂದ. ರೇಖೆಯೇ ಸರಿಯಬೇಕಾದರೆ ಬಡ್ಡಿಯಲ್ಲದ ಬೇರೆ ಏನೋ ಬದಲಾಗಿರಬೇಕು: ಆದಾಯ, ಬೆಲೆಮಟ್ಟ, ಪಾವತಿಯ ಪದ್ಧತಿ, ಅಥವಾ ಋತು.

ಋತುವಿನ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಮಳೆ ನಿಂತು ಕೊನೆ ತೆಗೆಯುವ ಕಾಲ ಬಂತೆಂದರೆ ಕೊನೆಗಾರನಿಗೆ, ಸುಲಿಯುವವರಿಗೆ, ಬೇಯಿಸಿ ಒಣಗಿಸುವವರಿಗೆ ಬಟವಾಡೆ ಮಾಡಲು ಮನೆಮನೆಯಲ್ಲಿ ನಗದು ಬೇಕು. ಬಡ್ಡಿ ಎಷ್ಟೇ ಇರಲಿ, ಮೊದಲಿಗಿಂತ ಹೆಚ್ಚು ಬೇಕು. ದೇಶಮಟ್ಟದಲ್ಲಿಯೂ ಸುಗ್ಗಿಯಿಂದ ಬೇಸಿಗೆಯವರೆಗಿನ ತಿಂಗಳುಗಳನ್ನು ಹಣದ ಪೇಟೆಯಲ್ಲಿ ಬಿರುಸಿನ ಕಾಲವೆಂದೂ ಮಳೆಗಾಲವನ್ನು ಸಪ್ಪೆ ಕಾಲವೆಂದೂ ಬಹು ಹಿಂದಿನಿಂದ ವಿಂಗಡಿಸುತ್ತ ಬಂದಿದ್ದಾರೆ. ನಮ್ಮ ಕಲ್ಪಿತ ದೇಶದಲ್ಲಿ ಸುಗ್ಗಿ ₹10 ಕೋಟಿ ಹೆಚ್ಚಿನ ಬೇಡಿಕೆಯನ್ನು ತಂದರೆ ಸಮೀಕರಣ 330 − 20r ಆಗುತ್ತದೆ, ಪೂರೈಕೆ 200ರಲ್ಲೇ ಉಳಿದರೆ ಬಡ್ಡಿ ಶೇ. 6.5ಕ್ಕೆ ಏರುತ್ತದೆ. ಅದು ಏರಬಾರದು ಎನ್ನುವ ಕೇಂದ್ರ ಬ್ಯಾಂಕು ₹10 ಕೋಟಿ ಹೆಚ್ಚಿಗೆ ಕೊಟ್ಟು, ಸುಗ್ಗಿ ಮುಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು ಇಂದು ನಡೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯಲ್ಲಿ. ಅದು ಮೊದಲು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಅಲ್ಪಾವಧಿಗೆ ಕೊಡುವ ಸಾಲದ ಬಡ್ಡಿಯನ್ನು, ಗೊತ್ತುಮಾಡುತ್ತದೆ, ಬ್ಯಾಂಕುಗಳು ಒಂದು ರಾತ್ರಿಗೆ ಪರಸ್ಪರ ಕೊಡುವ ಸಾಲದ ದರ ಅದರ ಹತ್ತಿರ ನಿಲ್ಲುವಷ್ಟು ಹಣವನ್ನು ಬಿಡುತ್ತದೆ ಅಥವಾ ಹೀರುತ್ತದೆ. ಚಿತ್ರದಲ್ಲಿ ಇದನ್ನು ತೋರಿಸಬೇಕಾದರೆ ಪೂರೈಕೆಯ ಗೆರೆಯನ್ನು ನೆಟ್ಟಗೆ ನಿಲ್ಲಿಸದೆ, ಗುರಿಯ ದರದಲ್ಲಿ ಅಡ್ಡಲಾಗಿ ಎಳೆಯಬೇಕು. ಬೇಡಿಕೆಯ ರೇಖೆ ಮಾತ್ರ ಎರಡು ಚಿತ್ರಗಳಲ್ಲೂ ಒಂದೇ.

ಐದನೆಯ ಹಂತ: ಲೆಕ್ಕವನ್ನು ಶೇ. 5ಕ್ಕೇ ನಿಲ್ಲಿಸದೆ ಮುಂದೆ ಒಯ್ಯುವುದು

ಬಡ್ಡಿ ಶೇ. 5ಕ್ಕೆ ಇಳಿದದ್ದು ಆದಾಯವೂ ಬೆಲೆಗಳೂ ಇದ್ದಲ್ಲೇ ಇದ್ದಾಗ. ಸಾಲ ಅಗ್ಗವಾದ ಮೇಲೆ ಯಾರೋ ಅಡಿಕೆ ಸುಲಿಯುವ ಯಂತ್ರ ಕೊಳ್ಳುತ್ತಾರೆ, ಯಾರೋ ಮನೆ ಕಟ್ಟುತ್ತಾರೆ, ಆದಾಯ ಬೆಳೆಯುತ್ತದೆ. ಅದು 1,040 ಕೋಟಿಗೆ ಬಂತು ಎನ್ನೋಣ. ವ್ಯವಹಾರಕ್ಕೆ ಬೇಕಾದ ಹಣ 200ರಿಂದ 208ಕ್ಕೆ ಏರಿತು, ಬೇಡಿಕೆಯ ರೇಖೆ ಬಲಕ್ಕೆ ಸರಿಯಿತು:

```
328 - 20r = 220  →  r = 5.4
```

ಇಳಿದ ಒಂದು ಅಂಶದಲ್ಲಿ 0.4 ಹಿಂದಕ್ಕೆ ಬಂದಿದೆ. ಇನ್ನೂ ಮುಂದೆ ಹೋಗಿ, ದುಡಿಯುವ ಕೈಗಳೂ ಯಂತ್ರಗಳೂ ಮೊದಲಿನಷ್ಟೇ ಇದ್ದುದರಿಂದ ನೈಜ ಆದಾಯ ಮತ್ತೆ 1,000ಕ್ಕೆ ಮರಳಿ, ಬೆಲೆಗಳು ಮಾತ್ರ ಶೇ. 10 ಏರಿದವು ಎಂದು ಇಟ್ಟುಕೊಳ್ಳಿ. ಹಣದ ಪೂರೈಕೆಯೂ ಮೊದಲಿಗೆ ಶೇ. 10 ಏರಿತ್ತು ಎಂಬುದನ್ನು ನೆನಪಿಡಿ. ಜನ ಇಟ್ಟುಕೊಳ್ಳಲು ಬಯಸುವುದು ನೋಟಿನ ಎಣಿಕೆಯನ್ನಲ್ಲ, ಅದರ ಕೊಳ್ಳುವ ಶಕ್ತಿಯನ್ನು; ಆದ್ದರಿಂದ ನೈಜ ಪೂರೈಕೆ 220ನ್ನು 1.1ರಿಂದ ಭಾಗಿಸಿದಷ್ಟು, ಅಂದರೆ ಮತ್ತೆ 200. ಬಡ್ಡಿ ಹೊರಟಲ್ಲಿಗೇ, ಶೇ. 6ಕ್ಕೆ ಬಂದು ನಿಂತಿತು. ಬೆಲೆ ಏರಿಕೆ ಮುಂದೆಯೂ ಹೀಗೇ ಇರುತ್ತದೆ ಎಂದು ಜನ ನಂಬತೊಡಗಿದರೆ, ಸಾಲ ಕೊಡುವವರು ಅದನ್ನೂ ಸೇರಿಸಿ ಕೇಳುವುದರಿಂದ ಶೇ. 6ಕ್ಕಿಂತ ಮೇಲೆಯೇ ಹೋಗಬಹುದು.

ಆದ್ದರಿಂದ "ಹಣ ಹೆಚ್ಚಾದರೆ ಬಡ್ಡಿ ಇಳಿಯುತ್ತದೆ" ಎಂಬುದಕ್ಕೆ ಯಾವ ಅವಧಿಯಲ್ಲಿ, ಏನೇನು ಬದಲಾಗದೆ ಇರುವಾಗ ಎಂಬ ಷರತ್ತನ್ನು ಬರೆಯದಿದ್ದರೆ ಉತ್ತರ ಅಪೂರ್ಣ. ವರ್ಷವರ್ಷವೂ ಹಣ ವೇಗವಾಗಿ ಬೆಳೆಯುವ ದೇಶಗಳಲ್ಲಿ ಬಡ್ಡಿ ಕಡಿಮೆಯಿರುವ ಬದಲು ತುಂಬಾ ಹೆಚ್ಚಿರುವುದು ಈ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷಿಯಲ್ಲ, ಈ ಐದನೆಯ ಹಂತದ ಫಲ.

ಇನ್ನೊಂದು ಎಲ್ಲೆ ಮೂರನೆಯ ಹಂತದಲ್ಲೇ ಅಡಗಿತ್ತು. ಬಡ್ಡಿ ಬಹಳ ಕೆಳಗಿರುವಾಗ ರಕ್ಷಣೆಯ ಅಂತರ 0.04ರಂತೆ ಹುಲ್ಲುಕಡ್ಡಿಯಷ್ಟಾಗುತ್ತದೆ ಎಂದು ನೋಡಿದೆವು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಾಂಡಿನ ಬೆಲೆ ಇಳಿಯುತ್ತದೆ ಎಂದೇ ಕಾಯುತ್ತಾರೆ. ಕೇಂದ್ರ ಬ್ಯಾಂಕು ಎಷ್ಟು ಹೊಸ ಹಣ ಕೊಟ್ಟರೂ ಅದೇ ಬೆಲೆಗೆ ಬಾಂಡ್ ಮಾರಿ ಹಣ ಹಿಡಿದು ಕೂರುತ್ತಾರೆ, ರೇಖೆ ಅಡ್ಡಡ್ಡ ಮಲಗುತ್ತದೆ, ಬಡ್ಡಿ ಅಲುಗುವುದಿಲ್ಲ. ಇದಕ್ಕೆ ದ್ರವ್ಯತೆಯ ಬಲೆ ಎನ್ನುತ್ತಾರೆ. ಜಪಾನಿನ ಕೇಂದ್ರ ಬ್ಯಾಂಕು 1999ರಲ್ಲಿ ಅಲ್ಪಾವಧಿ ಬಡ್ಡಿಯನ್ನು ಸೊನ್ನೆಗೆ ತಂದ ಮೇಲೆ, 2001ರಿಂದ 2006ರವರೆಗೆ ಬ್ಯಾಂಕುಗಳಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಹಣವನ್ನು ಸುರಿಯಿತು. ಅಲ್ಪಾವಧಿ ಬಡ್ಡಿ ಇಳಿಯಲು ಜಾಗವೇ ಇರಲಿಲ್ಲ. ನಮ್ಮ ಸರಳ ಸಮೀಕರಣದಲ್ಲಿ ಈ ಬಲೆ ಕಾಣುವುದಿಲ್ಲ, ಏಕೆಂದರೆ ಅದು ನೇರ ಗೆರೆ. ಕಡಿಮೆ ಬಡ್ಡಿಯ ಪ್ರದೇಶಕ್ಕೆ ಅದನ್ನು ಎಳೆದುಕೊಂಡು ಹೋಗಬಾರದು.

ಆರನೆಯ ಹಂತ: ನಡೆದ ಒಂದು ಘಟನೆಯ ಮೇಲೆ ಪರೀಕ್ಷಿಸುವುದು

2016ರ ನವೆಂಬರ್ 8ರ ರಾತ್ರಿ ₹500 ಮತ್ತು ₹1,000ದ ನೋಟುಗಳು ಚಲಾವಣೆ ಕಳೆದುಕೊಂಡವು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಅವುಗಳ ಪಾಲು ಸುಮಾರು ಶೇ. 86. ಅಡಿಕೆ ಕೊಯ್ಲಿನ ಹೊತ್ತಿಗೇ ಬಂದ ಆ ದಿನಗಳಲ್ಲಿ ಕೂಲಿ ಕೊಡಲು ನೋಟಿಲ್ಲದೆ ಮಲೆನಾಡು ಪಟ್ಟ ಪಾಡನ್ನು ನೋಡಿದವರು, ಹಣದ ಪೂರೈಕೆ ಕುಸಿದರೆ ಬಡ್ಡಿ ಏರಬೇಕಲ್ಲವೇ ಎಂದು ಕೇಳುತ್ತಾರೆ. ಆದರೆ ಹತ್ತು ವರ್ಷದ ಸರ್ಕಾರಿ ಬಾಂಡಿನ ಬಡ್ಡಿ ಸುಮಾರು 6.8ರಿಂದ ನವೆಂಬರ್ ಅಂತ್ಯದ ಹೊತ್ತಿಗೆ 6.2ರ ಆಸುಪಾಸಿಗೆ ಇಳಿಯಿತು. ರೆಪೊ ದರ ಆಗ 6.25ರಲ್ಲೇ ಇತ್ತು, ಅಲುಗಿರಲಿಲ್ಲ.

ಉತ್ತರ ಬೇಕಾದರೆ ಯಾರ ಕೈಯಲ್ಲಿ ಹೆಚ್ಚುವರಿ ಹಣ ಇತ್ತು, ಅವರು ಏನನ್ನು ಕೊಳ್ಳಲು ಹೋದರು ಎಂದು ನಾಲ್ಕನೆಯ ಹಂತದ ಪ್ರಶ್ನೆಯನ್ನೇ ಕೇಳಬೇಕು. ಹಳೆಯ ನೋಟುಗಳು ನಾಶವಾಗಲಿಲ್ಲ, ಖಾತೆಗಳಿಗೆ ಬಂದು ಠೇವಣಿಯಾದವು. ಹಿಂದೆಗೆಯಲು ಮಿತಿ ಇದ್ದುದರಿಂದ ಅಲ್ಲೇ ಉಳಿದವು. ಜನರ ಕೈಯಲ್ಲಿ ನೋಟಿನ ಬರ, ಬ್ಯಾಂಕುಗಳ ಕೈಯಲ್ಲಿ ಹಣದ ಹೊಳೆ. ಅಷ್ಟು ಬೇಗ ಸಾಲ ಕೊಡಲು ಅವಕ್ಕೆ ಗಿರಾಕಿಗಳಿರಲಿಲ್ಲ, ಹಾಗಾಗಿ ಸರ್ಕಾರಿ ಬಾಂಡುಗಳಿಗೆ ಮುಗಿಬಿದ್ದವು, ಬೆಲೆ ಏರಿತು, ಬಡ್ಡಿ ಇಳಿಯಿತು. ನವೆಂಬರ್ 26ರಂದು ರಿಸರ್ವ್ ಬ್ಯಾಂಕು, ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಿದ ಠೇವಣಿಯಷ್ಟನ್ನೂ ಬ್ಯಾಂಕುಗಳು ತನ್ನಲ್ಲಿ ಬಡ್ಡಿಯಿಲ್ಲದೆ ಮೀಸಲಿಡಬೇಕು ಎಂದು ಆದೇಶಿಸಿದ್ದು ಇದೇ ಹೆಚ್ಚುವರಿಯನ್ನು ಹೀರಲು. ಬಾಂಡ್ ಮೂಲಕ ಹೀರುವ ಬೇರೆ ವ್ಯವಸ್ಥೆಯ ಮಿತಿಯನ್ನು ₹6 ಲಕ್ಷ ಕೋಟಿಗೆ ಏರಿಸಿದ ಮೇಲೆ, ಡಿಸೆಂಬರ್ 10ರಿಂದ ಆ ಆದೇಶವನ್ನು ಹಿಂದಕ್ಕೆ ಪಡೆಯಿತು.

ಊಹೆಯ ಉದ್ದೇಶವೂ ಈ ಕಥೆಯ ಕೊನೆಯಲ್ಲಿ ಬರುತ್ತದೆ. ನವೆಂಬರ್ ಕೊನೆಯಲ್ಲಿ ದುಬಾರಿ ಬೆಲೆಗೆ ಬಾಂಡ್ ಕೊಂಡವರು ಬಡ್ಡಿ ಇನ್ನೂ ಇಳಿಯುತ್ತದೆ ಎಂದು ನಂಬಿದ್ದರು. ಹಣವನ್ನೇ ಹಿಡಿದವರು ನಂಬಿರಲಿಲ್ಲ. 2017ರ ಫೆಬ್ರವರಿ 8ರಂದು ಹಣಕಾಸು ನೀತಿ ಸಮಿತಿ ರೆಪೊ ದರವನ್ನು 6.25ರಲ್ಲೇ ಬಿಟ್ಟು, ಮುಂದೆ ಇಳಿಸುವ ಒಲವನ್ನು ಕೈಬಿಟ್ಟು ತಟಸ್ಥ ನಿಲುವಿಗೆ ಬಂದಿರುವುದಾಗಿ ಹೇಳಿತು. ಹಣದ ಪೂರೈಕೆ ಆ ದಿನ ಬದಲಾಗಲಿಲ್ಲ, ದರವೂ ಬದಲಾಗಲಿಲ್ಲ, ಬದಲಾದದ್ದು ನಾಳೆಯ ಬಗೆಗಿನ ಅಂದಾಜು. ಆದರೂ ಹತ್ತು ವರ್ಷದ ಬಾಂಡಿನ ಬಡ್ಡಿ ಒಂದೇ ದಿನದಲ್ಲಿ 6.4ರ ಆಸುಪಾಸಿನಿಂದ 6.7ರ ಮೇಲಕ್ಕೆ ಹೋಯಿತು. ಹತ್ತು ವರ್ಷಕ್ಕೆ ಅಸಲು ಹಿಂದಿರುಗುವ ಪತ್ರಕ್ಕೆ ವರ್ಗದ ನಿಯಮ ಹೊಂದುವುದಿಲ್ಲ. ಅದರ ಬೆಲೆ ಬಡ್ಡಿಯ ಒಂದು ಅಂಶದ ಏರಿಕೆಗೆ ನೂರಕ್ಕೆ ಸುಮಾರು ₹7ರಷ್ಟು ಇಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು. 6.2ರಲ್ಲಿ ಕೊಂಡು 6.7ರಲ್ಲಿ ನಿಂತವರಿಗೆ ನೂರಕ್ಕೆ ಸುಮಾರು ಮೂರೂವರೆ ರೂಪಾಯಿ ಇಳಿಕೆ; ಆ ಪತ್ರ ಆರು ತಿಂಗಳಲ್ಲಿ ತರುತ್ತಿದ್ದ ಬಡ್ಡಿ ಮೂರು ರೂಪಾಯಿ ಹತ್ತು ಪೈಸೆ.